ಸ್ಲ್ಯಾಬಿನ ಅಂಚಿನಲ್ಲಿ ಕಿತ್ತುಬಂದ ಕೆಮಿಕಲ್ ಆಂಕರ್: ಕಾರವಾರ ಕರಾವಳಿಯ ಒಂದು ಟೆರೇಸ್ ಮಾಡಿನ ಪ್ರಕರಣ

ಕಾರವಾರದಿಂದ ಅಂಕೋಲಾ ಕಡೆಗೆ ಹೋಗುವ ದಾರಿಯಲ್ಲಿ, ಸಮುದ್ರಕ್ಕೆ ಮುಖ ಮಾಡಿದ ಎರಡು ಮಹಡಿಯ ಆರ್‌ಸಿಸಿ ಮನೆ. ಸ್ಲ್ಯಾಬ್ ಸೋರದಿರಲಿ, ಬಟ್ಟೆ ಒಣಗಿಸಲು ಜಾಗವೂ ಆಗಲಿ ಎಂದು ಟೆರೇಸ್ ಮೇಲೆ ತಗಡಿನ ಮಾಡು ಹಾಕಿಸಿದ್ದರು. ಮಿರ್ಗದ ಮಳೆ ಹಿಡಿದ ವಾರದಲ್ಲೇ ಬೀಸಿದ ಗಾಳಿಗೆ ಸಮುದ್ರದ ಕಡೆಯ ಮೂರು ಕಂಬಗಳಲ್ಲಿ ಎರಡು ಬುಡಸಮೇತ ಎದ್ದವು. ಮಾಡು ಪೂರ್ತಿ ಹಾರಲಿಲ್ಲ, ಒಂದು ಮೂಲೆ ಮಡಚಿಕೊಂಡು ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಕಂಬಗಳನ್ನು ಕೂರಿಸಿದ್ದು, ಕಾಂಕ್ರೀಟಿನ ತೂತಿಗೆ ರೆಸಿನ್ ಎಂಬ ಅಂಟು ತುಂಬಿ ಸರಳು ನಿಲ್ಲಿಸುವ ಕೆಮಿಕಲ್ ಆಂಕರ್‌ನಿಂದಲೇ, ಅದೂ ಒಳ್ಳೆಯ ದರ್ಜೆಯ ರೆಸಿನ್‌ನಿಂದ. ಹಾಗಿರುವಾಗ ಕಿತ್ತುಬಂದದ್ದು ಹೇಗೆ ಎಂಬುದು ಮನೆಯವರ ಪ್ರಶ್ನೆ.

ಇಂಥ ಕಡೆ ಮೊದಲು ಬೈಗುಳ ಬೀಳುವುದು ರೆಸಿನ್‌ಗೆ: ಡೂಪ್ಲಿಕೇಟ್ ಮಾಲು, ಹಳೇ ಮಾಲು ಎಂದು. ಇಲ್ಲಿ ಆ ಮಾತು ನಿಲ್ಲಲಿಲ್ಲ. ಕಿತ್ತುಬಂದ ಸರಳುಗಳನ್ನು ಎಸೆಯದೆ, ಯಾವ ತೂತಿನದು ಯಾವುದು ಎಂದು ಗುರುತು ಹಾಕಿ ಇಟ್ಟಿದ್ದರಿಂದ ಕಾರಣ ಹುಡುಕುವುದು ಸಾಧ್ಯವಾಯಿತು. ಒಂದೇ ಮಾಡಿನ ಸರಳುಗಳು ಒಂದೊಂದು ಬಗೆಯಲ್ಲಿ ಸೋತಿದ್ದವು.

ಇದ್ದ ಜೋಡಣೆ

ಮಾಡಿನ ಅಳತೆ ಸುಮಾರು 8 ಮೀಟರ್ ಉದ್ದ, 6 ಮೀಟರ್ ಅಗಲ. ಉದ್ದದ ಎರಡೂ ಬದಿಗೆ 4 ಮೀಟರ್ ಅಂತರದಲ್ಲಿ ಮೂರು ಮೂರು ಕಂಬ. ಪ್ರತಿ ಕಂಬದ ಬುಡಕ್ಕೆ 200 ಮಿ.ಮೀ. ಚೌಕದ, 8 ಮಿ.ಮೀ. ದಪ್ಪದ ಬೇಸ್ ಪ್ಲೇಟ್, ಅದರ ನಾಲ್ಕು ಮೂಲೆಗೆ ಎಂ12 ಸರಳು. ಪ್ಲೇಟಿನ ಅಂಚಿನಿಂದ ತೂತಿಗೆ 30 ಮಿ.ಮೀ., ತೂತಿನಿಂದ ತೂತಿಗೆ 140 ಮಿ.ಮೀ. ಎಂ12 ಸರಳಿಗೆ 14 ಮಿ.ಮೀ. ಬಿಟ್‌ನಿಂದ 110 ಮಿ.ಮೀ. ಆಳದ ತೂತು ಕೊರೆಯುವುದು ವಾಡಿಕೆ, ಇಲ್ಲೂ ಹಾಗೇ ಕೊರೆದಿದ್ದರು. ರೆಸಿನ್ ಕಂಪನಿಯ ಕಾಗದದಲ್ಲಿ ಅಂಚಿನಿಂದ ಕನಿಷ್ಠ 60 ಮಿ.ಮೀ. ಬಿಡಬೇಕು ಎಂದಿತ್ತು. ಅದನ್ನೂ ನೋಡಿಯೇ, ಪ್ಲೇಟನ್ನು 30 ಮಿ.ಮೀ. ಒಳಗೆ ಸರಿಸಿ, ಹೊರಸಾಲಿನ ತೂತಿಗೆ ಸರಿಯಾಗಿ 60 ಸಿಗುವಂತೆ ಕೂರಿಸಿದ್ದರು.

ಕಾಗದದ ಲೆಕ್ಕಕ್ಕೆ ಎಲ್ಲವೂ ಸರಿ. ಆದರೆ ಆ ಎರಡೂ ಅಳತೆ ಹಿಡಿದದ್ದು ಕಾಂಕ್ರೀಟಿನಿಂದಲ್ಲ. 60 ಮಿ.ಮೀ. ಅಳೆದದ್ದು ಸಾರಣೆಯ ಹೊರಮೈಯಿಂದ. ಮಳೆ ಹೊಡೆಯುವ ಗೋಡೆಯಾದ್ದರಿಂದ ಸಾರಣೆ ಎರಡು ಪದರದ್ದು, 20 ಮಿ.ಮೀ. ದಪ್ಪ. ಅಲ್ಲಿಗೆ ಕಾಂಕ್ರೀಟಿನ ಅಂಚಿನಿಂದ ಉಳಿದದ್ದು 40. ಆಳ ಅಳೆದದ್ದೂ ಟೆರೇಸಿನ ಮೇಲ್ಮೈಯಿಂದ. ನೀರು ಹರಿಯಲೆಂದು ಸ್ಲ್ಯಾಬ್ ಮೇಲೆ ಹಾಕಿದ ಇಳಿಜಾರು ಗಾರೆ ಆ ಜಾಗದಲ್ಲಿ 45 ಮಿ.ಮೀ. ಇತ್ತು. 110ರಲ್ಲಿ 45 ಗಾರೆಗೆ ಹೋದರೆ ಬೀಮಿನ ಕಾಂಕ್ರೀಟಿನೊಳಗೆ ಸರಳು ಇಳಿದದ್ದು ಬರೀ 65 ಮಿ.ಮೀ. ಗಾರೆ ಸ್ಲ್ಯಾಬಿಗೆ ಒಂದಾಗಿ ಕೂತಿರುವುದಿಲ್ಲ, ಎಳೆದರೆ ಪದರವಾಗಿ ಏಳುತ್ತದೆ. ಆಂಕರ್ ಲೆಕ್ಕದಲ್ಲಿ ಅದಕ್ಕೆ ಬೆಲೆ ಇಲ್ಲ.

ನಡುವಿನ ಕಂಬ: ರೆಸಿನ್ ಗೆದ್ದು ಕಾಂಕ್ರೀಟ್ ಸೋತದ್ದು

ನಡುವಿನ ಕಂಬದ ಹೊರಸಾಲಿನ ಎರಡು ಸರಳುಗಳು ಬೀಮಿನ ಒಂದು ತುಂಡನ್ನೇ ಕಿತ್ತುಕೊಂಡು ಬಂದಿದ್ದವು. ತುಂಡು ಒಳಬದಿಗೆ ತೆಳ್ಳಗಾಗುತ್ತ ಅಗಲವಾಗಿ ಚಾಚಿತ್ತು, ಹೊರಬದಿಗೆ ಬೀಮಿನ ಮುಖಕ್ಕೇ ಕಡಿದಿತ್ತು. ಸರಳು ಆ ತುಂಡಿನಲ್ಲಿ ಇನ್ನೂ ಬಿಗಿಯಾಗಿತ್ತು, ಸುತ್ತಿಗೆಯಿಂದ ಹೊಡೆದರೂ ಅಲುಗಲಿಲ್ಲ. ಎಂದರೆ ಇಲ್ಲಿ ಅಂಟು ತನ್ನ ಕೆಲಸ ಮಾಡಿದೆ, ಹಿಡಿದುಕೊಳ್ಳಲು ಸಾಕಷ್ಟು ಕಾಂಕ್ರೀಟ್ ಇರಲಿಲ್ಲ.

ಆಂಕರನ್ನು ಎಳೆದಾಗ ಕಾಂಕ್ರೀಟ್ ಒಡೆಯುವುದು ಲಾಳಿಕೆಯ ಆಕಾರದಲ್ಲಿ. ಬಾಯಿ ಮೇಲೆ, ತುದಿ ಸರಳಿನ ಬುಡದಲ್ಲಿ. ಬಿರುಕು ಮೇಲ್ಮೈಗೆ ಸುಮಾರು 35 ಡಿಗ್ರಿ ಓರೆಯಲ್ಲಿ ಹಬ್ಬುವುದರಿಂದ ಸರಳಿನ ಸುತ್ತ ಆಳದ ಒಂದೂವರೆ ಪಟ್ಟು ದೂರದ ಕಾಂಕ್ರೀಟ್ ಭಾರ ಹೊರುವುದರಲ್ಲಿ ಪಾಲು ಪಡೆಯುತ್ತದೆ. 110 ಮಿ.ಮೀ. ಆಳಕ್ಕೆ ಅದು 165 ಮಿ.ಮೀ. ಅಂಚು ಅದಕ್ಕಿಂತ ಹತ್ತಿರವಿದ್ದರೆ ಲಾಳಿಕೆಯ ಒಂದು ಬದಿ ಗಾಳಿಗೆ ತೆರೆದಿರುತ್ತದೆ, ಅಷ್ಟು ಬಲ ಕಡಿಮೆಯಾಗುತ್ತದೆ. ಎರಡು ಸರಳುಗಳ ನಡುವೆ ಆಳದ ಮೂರು ಪಟ್ಟು ದೂರ ಇರದಿದ್ದರೆ ಎರಡರ ಲಾಳಿಕೆಗಳೂ ಒಂದರೊಳಗೊಂದು ಸೇರುತ್ತವೆ, ಇಬ್ಬರೂ ಒಂದೇ ಕಾಂಕ್ರೀಟನ್ನು ಹಂಚಿಕೊಂಡಂತೆ ಆಗುತ್ತದೆ.

ಕಾಗದದಲ್ಲಿ ಬರೆದಿರುವ ಕನಿಷ್ಠ ಅಂಚಿನ ದೂರವನ್ನು ತಪ್ಪಾಗಿ ಓದುವುದು ಇಲ್ಲೇ. 60 ಮಿ.ಮೀ. ಎಂಬುದರ ಅರ್ಥ ಅಷ್ಟು ಬಿಟ್ಟರೆ ಕೊರೆಯುವಾಗ ಅಥವಾ ನಟ್ ಬಿಗಿಯುವಾಗ ಅಂಚು ಸೀಳುವುದಿಲ್ಲ ಎಂದಷ್ಟೇ. ಪಟ್ಟಿಯಲ್ಲಿ ಕೊಟ್ಟ ಪೂರ್ತಿ ಬಲ ಸಿಗಬೇಕಾದರೆ ಅಂಚು ಆಳದ ಒಂದೂವರೆ ಪಟ್ಟು ದೂರ ಇರಬೇಕು. ನಡುವಿನ ದೂರಕ್ಕೆ ಬಲ ಎಷ್ಟು ಇಳಿಯುತ್ತದೆ ಎಂದು ಬೇರೆಯೇ ಲೆಕ್ಕ ಹಾಕಬೇಕು.

ಆ ಲೆಕ್ಕದ ಮೊದಲ ಹೆಜ್ಜೆ, ಅಂಚು ದೂರವಿರುವ ಒಂಟಿ ಸರಳಿನದು, ಹೀಗಿದೆ:

```
N = 7.7 × √fck × hef^1.5
```

`fck` ಎಂದರೆ ಕಾಂಕ್ರೀಟಿನ ಸಿಲಿಂಡರ್ ಬಲ, ನಮ್ಮ ಎಂ20 ಕಾಂಕ್ರೀಟಿಗೆ ಚದರ ಮಿ.ಮೀ.ಗೆ ಸುಮಾರು 16 ನ್ಯೂಟನ್. `hef` ಕಾಂಕ್ರೀಟಿನೊಳಗಿನ ಆಳ, ಮಿ.ಮೀ.ನಲ್ಲಿ. ಉತ್ತರ ನ್ಯೂಟನ್‌ನಲ್ಲಿ ಬರುತ್ತದೆ. 7.7 ಎಂಬುದು ಬಿರುಕು ಬಿಡಬಹುದಾದ ಕಾಂಕ್ರೀಟಿಗೆ. ಕಂಬದ ಮೇಲೆ ಹಾದುಹೋಗುವ ಬೀಮಿನ ಮೇಲ್ಭಾಗ ಎಳೆತದಲ್ಲಿರುವುದರಿಂದ ಇದನ್ನೇ ಹಿಡಿಯುವುದು ಕ್ಷೇಮ. 110 ಮಿ.ಮೀ. ಆಳಕ್ಕೆ ಸುಮಾರು 35 ಕಿಲೋನ್ಯೂಟನ್ ಬರುತ್ತದೆ. ಒಂದು ಕಿಲೋನ್ಯೂಟನ್ ಎಂದರೆ ಹತ್ತಿರ ಹತ್ತಿರ 100 ಕಿಲೋ ತೂಕ. 65 ಮಿ.ಮೀ. ಆಳಕ್ಕೆ ಅದು 16ಕ್ಕೆ ಇಳಿಯುತ್ತದೆ. ಅದರಲ್ಲಿ ಅಂಚು 40 ಮಿ.ಮೀ. ಮಾತ್ರ ಮತ್ತು ಪಕ್ಕದ ಸರಳು 140 ಮಿ.ಮೀ. ದೂರ ಎಂಬ ಎರಡನ್ನೂ ಸೇರಿಸಿದರೆ, ಹೊರಸಾಲಿನ ಎರಡೂ ಸರಳು ಕೂಡಿ ಹೊರುವುದು 16. ತಲಾ 8 ಕಿಲೋನ್ಯೂಟನ್. ಸುರಕ್ಷತೆಗೆ ಇನ್ನೂ ಏನನ್ನೂ ಕಳೆದಿಲ್ಲ.

ಮೇಲಕ್ಕೆ ಎಳೆದದ್ದು ಎಷ್ಟು

ಫ್ಯಾಬ್ರಿಕೇಶನ್ ಮಾಡಿದವರ ಲೆಕ್ಕವೂ ಪೂರ್ತಿ ತಪ್ಪಾಗಿರಲಿಲ್ಲ. ಈ ಕರಾವಳಿಗೆ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್ ಎಂದು ಹಿಡಿದರೆ ಒತ್ತಡ ಚದರ ಮೀಟರಿಗೆ ಸುಮಾರು 0.9 ಕಿಲೋನ್ಯೂಟನ್. ನಡುವಿನ ಕಂಬದ ಪಾಲಿಗೆ ಬರುವ ಮಾಡು, ಚಾಚು ಸೇರಿ, 14 ಚದರ ಮೀಟರ್ ಚಿಲ್ಲರೆ. ಮಾಡಿನ ಸ್ವಂತ ತೂಕ ಕಳೆದು ಮೇಲೆತ್ತುವ ಬಲ 11 ಕಿಲೋನ್ಯೂಟನ್ ಆಸುಪಾಸು, ನಾಲ್ಕು ಸರಳಿಗೆ ಹಂಚಿದರೆ ಒಂದಕ್ಕೆ 3 ಕೂಡ ಆಗುವುದಿಲ್ಲ. ಪಟ್ಟಿಯಲ್ಲಿ ಅದರ ಹತ್ತು ಪಟ್ಟು ಬಲ ಬರೆದಿರುವಾಗ ಯಾರಾದರೂ ಧೈರ್ಯವಾಗಿರುತ್ತಾರೆ. "ಕೆಮಿಕಲ್ ಹಾಕಿದೇವಲ್ಲ ಮಾರಾಯ್ರೇ, ಬೋಲ್ಟ್ ಎಲ್ಲಿಗೆ ಹೋಗ್ತದೆ" ಎಂದು ವೆಲ್ಡರ್ ಹೇಳಿದ್ದು ಈ ಧೈರ್ಯದಿಂದಲೇ.

ಲೆಕ್ಕದಲ್ಲಿ ಬಿಟ್ಟುಹೋದದ್ದು ಬದಿಯ ತಗಡು. ಮಾಡು ಆದ ಮೇಲೆ, ಇರಚಲು ಒಳಗೆ ಹೊಡೆಯುತ್ತದೆ ಎಂದು ಸಮುದ್ರದ ಕಡೆ ಮೇಲಿನಿಂದ 1.2 ಮೀಟರ್ ಇಳಿಬಿಟ್ಟು ತಗಡು ಹೊಡೆಸಿದ್ದರು. ಗಾಳಿ ಅದಕ್ಕೆ ನೇರ ಬಡಿಯುತ್ತದೆ. ನಡುವಿನ ಕಂಬದ ಪಾಲಿನ 4 ಮೀಟರ್ ಉದ್ದಕ್ಕೆ 5 ಕಿಲೋನ್ಯೂಟನ್‌ಗಿಂತ ತುಸು ಹೆಚ್ಚು. ಟ್ರಸ್ ಮೂಲಕ ಅರ್ಧ ಆಚೆ ಬದಿಯ ಕಂಬಕ್ಕೆ ಹೋಯಿತೆಂದರೂ ಉಳಿದ 2.6, ಬುಡದಿಂದ 1.8 ಮೀಟರ್ ಎತ್ತರದಲ್ಲಿ ತಳ್ಳುತ್ತದೆ. ಕಂಬ ಮತ್ತು ಟ್ರಸ್ ನಡುವಿನ ವೆಲ್ಡಿಂಗ್ ಅಲ್ಲಲ್ಲಿ ಹಿಡಿಸಿದಷ್ಟೇ ಇದ್ದುದರಿಂದ ಮೇಲಿನ ಜೋಡಣೆಯಿಂದ ಸಹಾಯ ಸಿಗಲಿಲ್ಲ. ಸನ್ನೆಕೋಲಿನಂತೆ ಮೀಟುವ ಆ ಇಡೀ ಸನ್ನೆ ಬುಡದ ಪ್ಲೇಟಿನ ಮೇಲೆ ಬಿತ್ತು.

ಆ 1.8 ಮೀಟರ್ ಸನ್ನೆಗೆ ಪ್ಲೇಟಿನಲ್ಲಿ ಎದುರಾಗಿ ನಿಲ್ಲುವ ಅಗಲ ಹೆಚ್ಚೆಂದರೆ 150 ಮಿ.ಮೀ. 2.6ನ್ನು 1.8ರಿಂದ ಗುಣಿಸಿ 0.15ರಿಂದ ಭಾಗಿಸಿದರೆ ಎರಡು ಸರಳಿಗೆ 31 ಕಿಲೋನ್ಯೂಟನ್, ಒಂದಕ್ಕೆ 15ರಿಂದ 16. ಮೇಲೆತ್ತುವ 3 ಸೇರಿ 18ರಿಂದ 19. ಬೀಮು ಕೊಡುತ್ತಿದ್ದದ್ದು 8. ಅಂದಿನ ಗಾಳಿ ಈ ಲೆಕ್ಕದ ಗಾಳಿಗಿಂತ ಬಹಳ ಕಡಿಮೆ ಇದ್ದರೂ ಅಂಚು ಒಡೆಯಲು ಸಾಕಾಗುತ್ತಿತ್ತು. ಸಮುದ್ರದ ಗಾಳಿ ಕಂಬವನ್ನು ಒಳಕ್ಕೆ ಬಾಗಿಸುತ್ತದೆ, ಆಗ ಎಳೆತ ಬೀಳುವುದು ಹೊರಸಾಲಿನ ಸರಳುಗಳಿಗೆ. ಅತಿ ಕಡಿಮೆ ಕಾಂಕ್ರೀಟ್ ಇದ್ದದ್ದೂ ಅವೇ ಸರಳುಗಳ ಸುತ್ತ.

ಸಾರಣೆ, ಗಾರೆ ಎರಡನ್ನೂ ಕಳೆದು, ನಿಜವಾದ 60 ಮಿ.ಮೀ. ಅಂಚು ಮತ್ತು ನಿಜವಾದ 110 ಮಿ.ಮೀ. ಆಳ ಕೊಟ್ಟಿದ್ದರೆ ಉಳಿಯುತ್ತಿತ್ತೇ? ಅದೇ ಲೆಕ್ಕ ಹಾಕಿದರೆ ಎರಡು ಸರಳಿಗೆ 28, ಒಂದಕ್ಕೆ 14. ಆಗಲೂ ಸಾಲದು. ಎಂಥ ದುಬಾರಿ ರೆಸಿನ್ ತುಂಬಿದರೂ ಈ 14 ಬದಲಾಗುವುದಿಲ್ಲ, ಏಕೆಂದರೆ ಅದು ಕಾಂಕ್ರೀಟಿನ ಬಲ. ಕಂಬದ ಜಾಗ ಮತ್ತು ಮಾಡಿನ ಕಟ್ಟುವಿಕೆ ಬದಲಾಗದೆ ಈ ಜೋಡಣೆಗೆ ಪರಿಹಾರವೇ ಇರಲಿಲ್ಲ.

ಮೂಲೆಯ ಕಂಬ: ಧೂಳಿಗೆ ಅಂಟಿದ ರೆಸಿನ್

ಮೂಲೆಯ ಕಂಬದ ಕತೆ ಬೇರೆ. ಅಲ್ಲಿ ಕಾಂಕ್ರೀಟ್ ಒಡೆಯಲೇ ಇಲ್ಲ. ಒಂದು ಸರಳು ರೆಸಿನ್ನಿನ ಕೊಳವೆಯನ್ನು ಮೈಗೆ ಹೊದ್ದುಕೊಂಡು ಹಾಗೇ ಜಾರಿಬಂದಿತ್ತು. ಕೊಳವೆಯ ಹೊರಮೈ ನಯವಾಗಿ, ಬೂದು ಬಣ್ಣದ ಹಿಟ್ಟು ಮೆತ್ತಿದಂತಿತ್ತು. ಉಗುರಿನಿಂದ ಕೆರೆದರೆ ಸಿಮೆಂಟಿನ ಧೂಳು ಉದುರುತ್ತಿತ್ತು, ಅಡಿಯಲ್ಲಿ ರೆಸಿನ್ನಿನ ಬಣ್ಣ ಕಾಣುತ್ತಿತ್ತು. ಸರಿಯಾಗಿ ಹಿಡಿದಿದ್ದರೆ ಈ ಮೈಯ ಮೇಲೆ ಮರಳಿನ ಕಣ, ಜಲ್ಲಿಯ ಚೂರು ಕಚ್ಚಿಕೊಂಡಿರಬೇಕಿತ್ತು. ಕೊಳವೆ ತುದಿಯವರೆಗೂ ಇರಲಿಲ್ಲ, ಸರಳಿನ ಕೆಳಗಿನ 30 ಮಿ.ಮೀ. ಬರೀ ಲೋಹ.

ಎರಡೂ ಗುರುತು ಓದಲು ಸುಲಭ. ಹ್ಯಾಮರ್ ಡ್ರಿಲ್ ಕೊರೆದ ತೂತಿನ ಗೋಡೆಗೆ ನುಣುಪಾದ ಧೂಳಿನ ಪದರ ಕೂತಿರುತ್ತದೆ. ಬಾಯಿಂದ ಊದಿದರೆ ತಳದ ಪುಡಿ ಒಂದಿಷ್ಟು ಹಾರುತ್ತದೆ, ಗೋಡೆಯದು ಹೋಗುವುದಿಲ್ಲ. ಬ್ರಶ್ ಹಾಕಿ ಉಜ್ಜದಿದ್ದರೆ ರೆಸಿನ್ ಅಂಟುವುದು ಆ ಧೂಳಿಗೆ. ಹಿಡಿತ ಅರ್ಧಕ್ಕಿಂತ ಕೆಳಗೆ ಇಳಿಯಲು ಅಷ್ಟು ಸಾಕು. ನಮ್ಮ ಕರಾವಳಿಯ ಹವೆಯಲ್ಲಿ ಇನ್ನೂ ಒಂದು ತೊಡಕು: ತೇವದ ಸ್ಲ್ಯಾಬ್ ಕೊರೆದರೆ ಧೂಳು ಕೆಸರಾಗಿ ಗೋಡೆಗೆ ಬಳಿದುಕೊಳ್ಳುತ್ತದೆ, ಒಣಗಿದ ಮೇಲೆ ಅದು ಸಾರಣೆಯ ತೆಳು ಪದರದಂತೆಯೇ ಗಟ್ಟಿಯಾಗುತ್ತದೆ. ಅಂಥ ತೂತನ್ನು ನೀರು ಹಾಯಿಸಿ ತೊಳೆದು, ಉಜ್ಜಿ, ಮತ್ತೆ ಊದಿ ಒಣಗಿಸಬೇಕು.

ತಳದಲ್ಲಿ ರೆಸಿನ್ ಇಲ್ಲದಿರುವುದಕ್ಕೆ ಕಾರಣ ನಾಝಲ್ ತೂತಿನ ಬಾಯಲ್ಲೇ ನಿಂತದ್ದು. ಮೇಲಿನಿಂದ ತುಂಬಿದರೆ ಗಾಳಿ ತಳದಲ್ಲಿ ಸಿಕ್ಕಿಕೊಳ್ಳುತ್ತದೆ. ಸರಳು ತಳ್ಳಿದಾಗ ಬಾಯಿಂದ ರೆಸಿನ್ ಉಕ್ಕುತ್ತದೆ, ತುಂಬಿತು ಎಂದು ತೋರುತ್ತದೆ.

ಇದೇ ಪ್ಲೇಟಿನ ಇನ್ನೊಂದು ಸರಳು ಬರಿಮೈಯಲ್ಲಿ ಬಂದಿತ್ತು, ಅದರ ತಿರುಪಿನ ಗೀರುಗಳೊಳಗೆ ರೆಸಿನ್ ಬಹುಮಟ್ಟಿಗೆ ಇರಲೇ ಇಲ್ಲ. ತೂತಿನೊಳಗೆ ಉಳಿದ ರೆಸಿನ್ನಿನಲ್ಲಿ ಎರಡು ಬಣ್ಣದ ಗೆರೆ ಕಾಣುತ್ತಿತ್ತು, ಮೊಳೆಯಿಂದ ಒತ್ತಿದರೆ ತಗ್ಗುತ್ತಿತ್ತು. ಹೊಸ ನಾಝಲ್ ಹಾಕಿದ ಕೂಡಲೇ ಬರುವ ಮೊದಲ ಹಿಂಡು ಸರಿಯಾಗಿ ಬೆರೆತಿರುವುದಿಲ್ಲ. ಬಣ್ಣ ಒಂದೇ ಸಮ ಬರುವವರೆಗೆ ಅದನ್ನು ಹೊರಗೆ ಹಿಂಡಿ ಎಸೆಯಬೇಕು. ಎಸೆಯುವುದಕ್ಕೆ ಮನಸ್ಸು ಬಾರದೆ ತೂತಿಗೇ ಹಾಕಿದರೆ ಅದು ಎಂದೂ ಗಟ್ಟಿಯಾಗುವುದಿಲ್ಲ.

ಮತ್ತೆ ಕೂರಿಸಿದ ಬಗೆ

ಮೊದಲು ಬದಿಯ ತಗಡು ತೆಗೆಸಲಾಯಿತು. ಅದರ ಜಾಗಕ್ಕೆ ಮಳೆಗಾಲದಲ್ಲಿ ಕಟ್ಟಿ ಮತ್ತೆ ಬಿಚ್ಚುವ, ಗಾಳಿ ಹಾಯುವ ಬಲೆ ಬಂತು. ಪ್ರತಿ ಕಂಬದಿಂದ ಟ್ರಸ್‌ಗೆ ಓರೆ ಆಧಾರ ಕೊಟ್ಟು ಪೂರ್ತಿ ವೆಲ್ಡ್ ಮಾಡಲಾಯಿತು. ಬುಡದ ಸನ್ನೆಯ ದೊಡ್ಡ ಪಾಲು ಇದರಿಂದಲೇ ಹೋಯಿತು.

ನಡುವಿನ ಎರಡು ಕಂಬಗಳಿಗೆ ಕೆಮಿಕಲ್ ಆಂಕರ್ ಹಾಕುವುದನ್ನೇ ಕೈಬಿಡಲಾಯಿತು. ಒಡೆದ ಬೀಮಿನ ಅಂಚನ್ನು ರಿಪೇರಿ ಮಾಡಿ, ಕಂಬಗಳನ್ನು ಬೀಮು ದಾಟಿ ಒಳಗೆ, ಕಾಂಕ್ರೀಟಿನ ಅಂಚಿನಿಂದ 350 ಮಿ.ಮೀ.ಗೆ ಸರಿಸಲಾಯಿತು. ಅಲ್ಲಿ ಸ್ಲ್ಯಾಬಿನ ದಪ್ಪ 125 ಮಿ.ಮೀ. ಮಾತ್ರ. 110 ಆಳ ಕೊರೆದರೆ ಕೆಳಗೆ 15 ಉಳಿಯುತ್ತದೆ, ಡ್ರಿಲ್ಲಿನ ಏಟಿಗೆ ತಳ ಸಿಡಿದುಹೋಗುತ್ತದೆ. ತೂತಿನ ಅಡಿಯಲ್ಲಿ ಕಡಿಮೆಯೆಂದರೂ 30 ಮಿ.ಮೀ. ಬೇಕು. ಆದ್ದರಿಂದ ಸ್ಲ್ಯಾಬನ್ನು ಪೂರ್ತಿ ತೂರಿಸಿ, 300 ಮಿ.ಮೀ. ಚೌಕದ 12 ಮಿ.ಮೀ. ಪ್ಲೇಟು ಮೇಲೊಂದು ಕೆಳಗೊಂದು ಇಟ್ಟು ನಡುವೆ ಎಂ12 ಬೋಲ್ಟ್ ಬಿಗಿಯಲಾಯಿತು. ಕೆಳಗಿನ ಕೋಣೆಯ ಸೀಲಿಂಗಿನಲ್ಲಿ ನಾಲ್ಕು ನಟ್ ಕಾಣುತ್ತವೆ ಎಂದು ಮನೆಯವರಿಗೆ ಬೇಸರ ಇದ್ದೇ ಇತ್ತು. ಆದರೆ ಕೆಳಗಿನಿಂದ ಕೈ ಸಿಗುವ ಕಡೆ ಇದಕ್ಕಿಂತ ನಂಬಿಕೆಯ ಹಿಡಿತ ಇನ್ನೊಂದಿಲ್ಲ. ಸ್ಲ್ಯಾಬಿನ ಕಂಬಿಗಳು ಇದನ್ನು ಹೊರುತ್ತವೆಯೇ ಎಂದು ಸ್ಟ್ರಕ್ಚರಲ್ ಇಂಜಿನಿಯರ್ ನೋಡಿದ ಮೇಲೆಯೇ ಕೊರೆದದ್ದು.

ನಾಲ್ಕು ಮೂಲೆಗಳಲ್ಲಿ ಸ್ಲ್ಯಾಬಿನ ಕೆಳಗೆ 300 ಮಿ.ಮೀ. ಚೌಕದ ಆರ್‌ಸಿಸಿ ಕಂಬ ಇದ್ದುದರಿಂದ ತೂರಿಸಲು ಆಗುವುದಿಲ್ಲ, ಆಳಕ್ಕೆ ಕೊರತೆಯೂ ಇಲ್ಲ. ಅಲ್ಲಿ ಕೆಮಿಕಲ್ ಆಂಕರೇ ಸರಿ. ಗಾರೆಯನ್ನು 250 ಮಿ.ಮೀ. ಚೌಕಕ್ಕೆ ಕಡಿದು ಕಾಂಕ್ರೀಟ್ ಕಾಣಿಸಿ, ಬದಿಯ ಸಾರಣೆಯನ್ನೂ ಒಂದು ಕಡೆ ಕೆತ್ತಿ ನಿಜವಾದ ಅಂಚು ಎಲ್ಲಿದೆ ಎಂದು ಗುರುತು ಹಾಕಿದ ಮೇಲೆ, ಅತಿ ಹತ್ತಿರದ ಸರಳೂ ಎರಡು ಮುಖಗಳಿಂದ 120 ಮಿ.ಮೀ. ದೂರ ಇರುವಂತೆ ಪ್ಲೇಟ್ ಇಡಲಾಯಿತು. ಕಂಬಿ ಎಲ್ಲಿದೆ ಎಂದು ರೀಬಾರ್ ಲೊಕೇಟರ್‌ನಿಂದ ನೋಡಿ, ಅದಕ್ಕೆ ತಕ್ಕಂತೆ ಪ್ಲೇಟಿನಲ್ಲಿ ತೂತು ಹೊಡೆದರು. ಪ್ಲೇಟನ್ನು ಮೊದಲೇ ಕೊರೆದು ತಂದರೆ, ಕಂಬಿ ಸಿಕ್ಕಾಗ ಅರ್ಧಕ್ಕೆ ನಿಲ್ಲಿಸಿ ಸರಳಿನ ಬುಡ ಕತ್ತರಿಸಿ ಕೂರಿಸುವ ಕೆಟ್ಟ ಅಭ್ಯಾಸ ಶುರುವಾಗುತ್ತದೆ, ಮೇಲಿನಿಂದ ನೋಡಿದವರಿಗೆ ಅದು ಗೊತ್ತಾಗುವುದೇ ಇಲ್ಲ.

ಕೊರೆದದ್ದು ಬೆಳಿಗ್ಗೆ, ಸ್ಲ್ಯಾಬ್ ಕಾಯುವ ಮೊದಲು. ಬಿಸಿಲಿಗೆ ಕಾದ ಕಾಂಕ್ರೀಟಿನಲ್ಲಿ ಬೇಗ ಹಿಡಿಯುವ ರೆಸಿನ್ ಒಂದೆರಡು ನಿಮಿಷಕ್ಕೇ ಗಟ್ಟಿಯಾಗತೊಡಗುತ್ತದೆ, ಸರಳು ಅರ್ಧದಲ್ಲಿ ನಿಲ್ಲುತ್ತದೆ. ಪ್ರತಿ ತೂತನ್ನು ತಳದಿಂದ ಎರಡು ಸಲ ಊದಿ, ತೂತಿನ ಗೋಡೆಗೆ ಬಿಗಿಯಾಗಿ ತಾಗುವ ಉಕ್ಕಿನ ಬ್ರಶ್ಶಿನಿಂದ ಎರಡು ಸಲ ಉಜ್ಜಿ, ಮತ್ತೆ ಎರಡು ಸಲ ಊದಲಾಯಿತು. ಕೊನೆಯ ಊದಿನಲ್ಲೂ ಧೂಳು ಬಂದ ತೂತಿಗೆ ಇದೆಲ್ಲ ಮತ್ತೊಮ್ಮೆ. ಕಂಪ್ರೆಸರ್ ಗಾಳಿಯಲ್ಲಿ ಎಣ್ಣೆ ಇರಬಾರದು. ನಾಝಲನ್ನು ತಳಕ್ಕೆ ಮುಟ್ಟಿಸಿ, ಹಿಂಡುತ್ತ ನಿಧಾನವಾಗಿ ಮೇಲೆಳೆದು ತೂತಿನ ಮೂರರಲ್ಲಿ ಎರಡು ಪಾಲು ತುಂಬಿ, ಆಳದ ಗುರುತು ಹಾಕಿದ ಸರಳನ್ನು ತಿರುಗಿಸುತ್ತ ಇಳಿಸಿದರು. ಬಾಯಿಯ ಸುತ್ತ ಒಂದಿಷ್ಟು ರೆಸಿನ್ ಉಕ್ಕಿದರೆ ಸರಿ. ಆಮೇಲೆ ಸರಳನ್ನು ಮುಟ್ಟುವಂತಿಲ್ಲ. ಕಾಂಕ್ರೀಟಿನಲ್ಲಿ ತೇವ ಇದ್ದುದರಿಂದ ಪಟ್ಟಿಯ ಗಟ್ಟಿಯಾಗುವ ಸಮಯದ ಎರಡರಷ್ಟು ಕಾದು, ನಟ್ಟನ್ನು ಟಾರ್ಕ್ ವ್ರೆಂಚ್‌ನಿಂದ ಕಂಪನಿಯ ಕಾಗದ ಹೇಳಿದ ಮಿತಿಯೊಳಗೆ ಬಿಗಿದರು, ಎಂ12ಕ್ಕೆ ಸಾಮಾನ್ಯವಾಗಿ 40 ನ್ಯೂಟನ್ ಮೀಟರ್ ಮೀರುವಂತಿಲ್ಲ. ಅಂಚಿನ ಸರಳನ್ನು ಉದ್ದ ಪಾನಾ ಹಾಕಿ ಬಿಗಿದರೆ ಗಾಳಿ ಬರುವ ಮೊದಲೇ ಅಂಚು ಬಿರುಕು ಬಿಟ್ಟಿರುತ್ತದೆ. ಸರಳು, ಬೋಲ್ಟ್ ಎಲ್ಲ 316 ದರ್ಜೆಯ ಸ್ಟೇನ್‌ಲೆಸ್. ತೆಳು ಸತುವಿನ ಲೇಪದ ಹಳೆಯ ಸರಳುಗಳಲ್ಲಿ ಪ್ಲೇಟಿನ ಅಡಿಗೆ ಆಗಲೇ ಕೆಂಪು ತುಕ್ಕು ಹಿಡಿದಿತ್ತು.

ಕೊನೆಗೆ ಮೂಲೆಯ ಕೆಲವು ಸರಳುಗಳನ್ನು ಜ್ಯಾಕ್‌ನಿಂದ ಬಳಕೆಯ ಭಾರದ ಒಂದೂವರೆ ಪಟ್ಟು ಎಳೆದು ನೋಡಿದರು, ಯಾವುದೂ ಜಾರಲಿಲ್ಲ. ಈ ಪರೀಕ್ಷೆಯನ್ನು ಓದುವಾಗ ಒಂದು ಎಚ್ಚರ ಬೇಕು. ಜ್ಯಾಕಿನ ಕಾಲುಗಳು ಸರಳಿಗೆ ಹತ್ತಿರ ಊರಿದ್ದರೆ ಅವೇ ಕಾಂಕ್ರೀಟನ್ನು ಕೆಳಗೆ ಒತ್ತಿ ಹಿಡಿಯುತ್ತವೆ, ಲಾಳಿಕೆ ಏಳಲು ಬಿಡುವುದಿಲ್ಲ. ಆಗ ಪರೀಕ್ಷೆಯಾಗುವುದು ರೆಸಿನ್ನಿನ ಹಿಡಿತ ಮಾತ್ರ. ಮೂಲೆಯ ಕಂಬದ ಧೂಳಿನ ಸರಳನ್ನು ಈ ಪರೀಕ್ಷೆ ಹಿಡಿದುಕೊಡುತ್ತಿತ್ತು. ನಡುವಿನ ಕಂಬದ ಸರಳುಗಳು, ಅಂಚಿನಿಂದ 40 ಮಿ.ಮೀ.ಗೆ ಇದ್ದೂ, ಇದರಲ್ಲಿ ಪಾಸಾಗಿಬಿಡುತ್ತಿದ್ದವು. ಅಂಚಿನ ದೂರ ಸಾಕೇ ಎಂದು ತಿಳಿಯಲು ಜ್ಯಾಕಿನ ಕಾಲುಗಳು ಸರಳಿನಿಂದ ಆಳದ ಒಂದೂವರೆ ಪಟ್ಟಿಗಿಂತ ಆಚೆ ನಿಲ್ಲಬೇಕು, ಬೀಮಿನ ಅಂಚಿನಲ್ಲಿ ಹಾಗೆ ನಿಲ್ಲಿಸಲು ಜಾಗವೇ ಇರುವುದಿಲ್ಲ. ಅಲ್ಲಿ ಉಳಿಯುವ ದಾರಿ ಸಾರಣೆ ಕೆತ್ತಿ ಟೇಪು ಹಿಡಿದು ಅಳೆಯುವುದು, ಮೇಲಿನ ಲೆಕ್ಕ ಹಾಕುವುದು.